ಬಿಲ್ಲಿನಲ್ಲಿ ವಿಂಡೋಸ್ ಇದ್ದು ಯಂತ್ರದಲ್ಲಿ ಇಲ್ಲದಿರುವ ಕುರಿತು ದೂರು

ಗದಗ-ಬೆಟಗೇರಿ
8 ನವೆಂಬರ್ 2025

ಗೆ,
ವ್ಯವಸ್ಥಾಪಕರು,
ಲ್ಯಾಪ್‌ಟಾಪ್ ಮಾರಾಟ ವಿಭಾಗ,
ಕೊಪ್ಪಿಕರ ರಸ್ತೆ, ಹುಬ್ಬಳ್ಳಿ

ವಿಷಯ: 3-11-2025ರ ಬಿಲ್ ಸಂಖ್ಯೆ 2147ರ ಲ್ಯಾಪ್‌ಟಾಪ್ ಆಪರೇಟಿಂಗ್ ಸಿಸ್ಟಂ ಇಲ್ಲದೆ ಬಂದಿರುವುದು

ಮಾನ್ಯರೇ,

ಕಳೆದ ಸೋಮವಾರ ನಿಮ್ಮ ಅಂಗಡಿಗೆ ಬಂದು 46,990 ರೂಪಾಯಿ ಕೊಟ್ಟು ಒಂದು ಲ್ಯಾಪ್‌ಟಾಪ್ ಖರೀದಿಸಿದೆ. ಆ ಮಾಡೆಲ್ ಅಂದು ಅಂಗಡಿಯಲ್ಲಿ ಇರಲಿಲ್ಲ. ಗೋದಾಮಿನಿಂದ ತರಿಸಿ ಗದಗಿಗೇ ಕಳಿಸುವುದಾಗಿ ಹೇಳಿದಿರಿ. ಹೇಳಿದಂತೆ ಬುಧವಾರ ಮಧ್ಯಾಹ್ನ ಪೆಟ್ಟಿಗೆ ಮನೆಗೆ ಬಂತು. ಅಲ್ಲಿಯವರೆಗೆ ನನ್ನ ತಕರಾರು ಏನೂ ಇಲ್ಲ.

ಯಂತ್ರ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ No bootable device found ಎಂಬ ಒಂದು ಸಾಲು ಬಂತು. ಡಿಸ್ಕ್ ಕೆಟ್ಟಿರಬಹುದೆಂದು ಬಯೋಸ್ ತೆರೆದು ನೋಡಿದೆ. 512 ಜಿಬಿ ಎಸ್‌ಎಸ್‌ಡಿ ಸರಿಯಾಗಿಯೇ ಕಾಣಿಸುತ್ತಿದೆ. ಯಂತ್ರ ಗಟ್ಟಿಯಾಗಿದೆ, ಒಳಗೆ ವಿಂಡೋಸ್ ಇಲ್ಲ, ಅಷ್ಟೆ. ಆಮೇಲೆ ಪೆಟ್ಟಿಗೆಯ ಪಕ್ಕದ ಚೀಟಿ ಓದಿದೆ. ಅದರಲ್ಲಿ No OS ಎಂದು ಅಚ್ಚಾಗಿದೆ. ನೀವು ಕೊಟ್ಟ ಬಿಲ್ಲಿನಲ್ಲಿ Win 11 Home ಎಂದಿದೆ. ಮಾಡೆಲ್ ಸಂಖ್ಯೆಯ ಕೊನೆಯ ಎರಡು ಅಕ್ಷರಗಳೂ ಒಂದಕ್ಕೊಂದು ಹೊಂದುವುದಿಲ್ಲ. ಅಂದರೆ ಇದು ವಿಂಡೋಸ್ ಹಾಕಲು ಮರೆತ ಯಂತ್ರವಲ್ಲ, ಬೇರೆಯದೇ ಮಾಲು. ಇಂಥ ಯಂತ್ರಕ್ಕೆ ವಿಂಡೋಸ್ ಇರುವುದಕ್ಕಿಂತ ಕಡಿಮೆ ದರ ಇರುತ್ತದೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಗುರುವಾರ ಬೆಳಿಗ್ಗೆ ಫೋನ್ ಮಾಡಿದಾಗ ನಿಮ್ಮ ಹುಡುಗರೊಬ್ಬರು, "ಅದೇನ್ ದೊಡ್ಡ ಕೆಲಸ ಅಲ್ರಿ ಸರ, ಹುಬ್ಬಳ್ಳಿಗೆ ತಗೊಂಡ್ ಬರ್ರಿ, ಐದನೂರು ರೂಪಾಯಿಗೆ ಹಾಕಿ ಕೊಡ್ತೇವಿ" ಎಂದರು. ಲೈಸೆನ್ಸ್ ಯಾವುದು ಎಂದು ಕೇಳಿದೆ. "ಎಲ್ಲಾರೂ ಹಂಗ ಹಾಕಸ್ತಾರ್ರಿ" ಎಂಬ ಉತ್ತರ ಬಂತು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅಂಗಡಿಯಲ್ಲಿ ರೂಢಿಯಾದದ್ದನ್ನು ಅವರು ಹೇಳಿರಬೇಕು. ಆದರೆ ನಾನು ಎಪಿಎಂಸಿಯ ನಾಲ್ಕು ದಲ್ಲಾಳಿ ಅಂಗಡಿಗಳ ಲೆಕ್ಕ ಬರೆಯುವವನು. ಅವರ ಜಿಎಸ್‌ಟಿ ಪಾಸ್‌ವರ್ಡ್, ಬ್ಯಾಂಕ್ ವಿವರ ಎಲ್ಲ ಇದೇ ಯಂತ್ರದಲ್ಲಿ ಇರಬೇಕು. ಎಲ್ಲಿಂದಲೋ ಇಳಿಸಿಕೊಂಡ ಕಳ್ಳ ಪ್ರತಿಯ ಮೇಲೆ ಆ ಕೆಲಸ ಮಾಡಲಾರೆ.

ಕಂಪನಿಯವರೇ ವಿಂಡೋಸ್ ಹಾಕಿ ಕಳಿಸಿದ ಯಂತ್ರದಲ್ಲಿ ಅದರ ಲೈಸೆನ್ಸ್ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಕೂತಿರುತ್ತದೆ. ಮುಂದೆ ಡಿಸ್ಕ್ ಬದಲಿಸಿದರೂ ಅದು ಉಳಿಯುತ್ತದೆ. ಇಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗ ಪೆನ್‌ಡ್ರೈವಿನಿಂದ ಉಬುಂಟು ತೆರೆದು, ಆ ಕೀ ಇದೆಯೇ ಎಂದು ಪರೀಕ್ಷಿಸಿದ. ಬಂದ ಉತ್ತರ ಇದು:

```
$ ls /sys/firmware/acpi/tables/MSDM
ls: cannot access '/sys/firmware/acpi/tables/MSDM': No such file or directory
```

ಕೀ ಇರಬೇಕಾದ MSDM ಎಂಬ ಕಡತವೇ ಇಲ್ಲ, ಅಂದರೆ ಕೀ ಇಲ್ಲ. "ವಿಂಡೋಸ್ ಇತ್ತು, ನೀವೇ ಅಳಿಸಿರಬೇಕು" ಎಂಬ ಮಾತು ನಾಳೆ ಬರಬಾರದೆಂದು ಇದನ್ನು ಬರೆದಿದ್ದೇನೆ. ಡಿಸ್ಕಿನ ಮೇಲೆ ನಾವು ಏನನ್ನೂ ಹಾಕಿಲ್ಲ.

ಆದ್ದರಿಂದ ಬಿಲ್ಲಿನಲ್ಲಿ ಬರೆದ ಮಾಡೆಲ್ಲನ್ನೇ ಕೊಟ್ಟು ಇದನ್ನು ವಾಪಸ್ ಒಯ್ಯಿರಿ. ಆ ಮಾಡೆಲ್ ಸಿಗದಿದ್ದರೆ ಅಸಲಿ ವಿಂಡೋಸ್ 11 ಹೋಮ್ ಲೈಸೆನ್ಸನ್ನು ನಿಮ್ಮ ಖರ್ಚಿನಲ್ಲಿ ಹಾಕಿಸಿ, ಅದರ ಬಿಲ್ ನನ್ನ ಹೆಸರಿನಲ್ಲಿ ಕೊಡಿ. ಎರಡೂ ಆಗದಿದ್ದರೆ ಪೂರ್ತಿ ಹಣ ಮರಳಿಸಿ. ಯಂತ್ರ ಹೊತ್ತುಕೊಂಡು ಸುಮಾರು 60 ಕಿ.ಮೀ. ನಾನು ಬರುವುದಿಲ್ಲ. ತಪ್ಪು ಮಾಲು ಕಳಿಸಿದವರು ನೀವು, ಒಯ್ಯಲು ನೀವೇ ಯಾರನ್ನಾದರೂ ಕಳಿಸಿ. 11ನೇ ತಾರೀಖಿಗೆ ಜಿಎಸ್‌ಟಿಆರ್-1 ಸಲ್ಲಿಸಬೇಕಿದೆ. ಟ್ಯಾಲಿ ನಡೆಯದ ಯಂತ್ರ ಮೇಜಿನ ಮೇಲಿಟ್ಟುಕೊಂಡು, ಗೆಳೆಯರ ಕಂಪ್ಯೂಟರಿನಲ್ಲಿ ರಾತ್ರಿ ಕೂತು ಆ ಕೆಲಸ ಮುಗಿಸುತ್ತಿದ್ದೇನೆ.

ಬಿಲ್ಲಿನ ಕೆಳಗೆ "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ" ಎಂದು ಅಚ್ಚಾಗಿರುವುದನ್ನು ನೋಡಿದ್ದೇನೆ. ನಾನು ಕೊಂಡ ಮಾಲು ನನಗೆ ಬಂದೇ ಇಲ್ಲವಾದ್ದರಿಂದ ಆ ಸಾಲು ಇಲ್ಲಿ ನಡೆಯದು. ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೇಳುತ್ತದೆ.

15ನೇ ತಾರೀಖು, ಶನಿವಾರ ಸಂಜೆಯೊಳಗೆ ಇದು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಆಗದಿದ್ದರೆ ಗದಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ಎಂಟು ವರ್ಷದ ಹಿಂದೆ ಪ್ರಿಂಟರ್ ಒಯ್ದದ್ದೂ ನಿಮ್ಮಲ್ಲಿಯೇ, ಅದು ಇಂದಿಗೂ ನಡೆಯುತ್ತಿದೆ.

ಬಿಲ್ಲಿನ ನಕಲು, ಪೆಟ್ಟಿಗೆಯ ಚೀಟಿ ಮತ್ತು ಪರದೆಯ ಫೋಟೋಗಳನ್ನು ಲಗತ್ತಿಸಿದ್ದೇನೆ. ಫೋನ್ ಸಂಖ್ಯೆ ಬಿಲ್ಲಿನಲ್ಲಿದೆ. ದಯವಿಟ್ಟು ಉತ್ತರವನ್ನು ಬರವಣಿಗೆಯಲ್ಲೇ ಕೊಡಿ.

ತಮ್ಮ ವಿಶ್ವಾಸಿ,
ಬಸವರಾಜ ಪಾಟೀಲ
ಲೆಕ್ಕಪತ್ರ ಬರಹಗಾರ, ಬೆಟಗೇರಿ