ಬೇರೇ ಬೇರೇ, ಬಾರೇ ಬಾರೇ

ಮೇಘಾಲಯದ ಖಾಸಿ ಬೆಟ್ಟದ ಕತೆ. ಗಟ್ಟಿಯಾಗಿ ಓದಿ ಹೇಳಲು ಕನ್ನಡಕ್ಕೆ ತಂದದ್ದು.

ಓದಿ ಹೇಳುವವರಿಗೆ: ಬೇರನ್ನು ಕರೆಯುವ ಎರಡು ಸಾಲು ಮತ್ತೆ ಮತ್ತೆ ಬರುತ್ತವೆ. ಮೊದಮೊದಲು ನೀವು ಹೇಳಿ, ಆಮೇಲೆ ಸುಮ್ಮನಿರಿ, ಮಕ್ಕಳೇ ಹೇಳುತ್ತಾರೆ. ಹೊಳೆ ಬಂದಾಗ ತೊಡೆ ತಟ್ಟಬಹುದು, ನೆಲ ಗುದ್ದಬಹುದು. ಕೋಳಿಯ ಪುಟದಲ್ಲಿ ಮಾತ್ರ ಅವಸರ ಮಾಡಬೇಡಿ.

\* \* \*

ಬೆಟ್ಟದ ಮೇಲೆ ಮೋಡ.
ಮೋಡದ ಕೆಳಗೆ ಕಾಡು.
ಕಾಡಿನ ಒಳಗೆ ಊರು.
ಊರಿನ ಮುಂದೆ ಹೊಳೆ.

ಹೊಳೆಯ ಈ ದಡ, ಇಬಾಳ ಮನೆ.
ಹೊಳೆಯ ಆ ದಡ, ಸಂತೆ!
ಸಂತೆಯಲ್ಲಿ ಏನುಂಟು?
ಕಿತ್ತಳೆ ಉಂಟು, ಜೇನು ಉಂಟು,
ಮೂಗು ಮುಚ್ಚಿಕೊಂಡರೆ ಒಣಮೀನೂ ಉಂಟು,
ಇಬಾಗೆ ಬೇಕಾದ ಕೆಂಪು ರಿಬ್ಬನ್ನೂ ಉಂಟು.

\* \* \*

ಮಾಮ ಬಿದಿರು ಕಡಿದ.
ಮಾಮ ಬಿದಿರು ಕಟ್ಟಿದ.
ಈ ದಡದಿಂದ ಆ ದಡಕ್ಕೆ
ಬಿದಿರಿನ ಸಂಕ ಹಾಕಿದ.

ಮಳೆ ಬಂತು.
ತಟಪಟ ತಟಪಟ ಮಳೆ ಬಂತು.
ಹೊಳೆ ಬಂತು.
ದಡದಡ ದಡದಡ ಹೊಳೆ ಬಂತು.
ಬಿದಿರಿನ ಸಂಕ ಏನಾಯ್ತು?
ತೇಲಿ ಹೋಯ್ತು!

\* \* \*

ಮಾಮ ಮತ್ತೆ ಬಿದಿರು ಕಡಿದ.
ಮಾಮ ಮತ್ತೆ ಬಿದಿರು ಕಟ್ಟಿದ.
ಈ ಸಲ ಗಂಟು ಬಿಗಿ, ಬಲು ಬಿಗಿ.

ಮಳೆ ಬಂತು.
ತಟಪಟ ತಟಪಟ ಮಳೆ ಬಂತು.
ಹೊಳೆ ಬಂತು.
ದಡದಡ ದಡದಡ ಹೊಳೆ ಬಂತು.
ಬಿಗಿ ಬಿಗಿ ಸಂಕ ಏನಾಯ್ತು?
ತೇಲಿ ಹೋಯ್ತು!
ಗಂಟು ಬಿಚ್ಚಲಿಲ್ಲ ಅಂತ ಮಾಮ ಈಗಲೂ ಹೇಳುತ್ತಾನೆ.
ಗಂಟಿನ ಸಮೇತ ತೇಲಿ ಹೋಯ್ತು!

\* \* \*

ಅಜ್ಜಿ ಬಾಗಿಲಲ್ಲಿ ಕೂತು ಎಲ್ಲಾ ನೋಡಿದಳು.
ಅಜ್ಜಿಯ ಬಾಯ್ತುಂಬ ಎಲೆಯಡಿಕೆ.
ಅದನ್ನು ಉಗಿದು ಬಂದು ಮಾತಾಡಬೇಕು,
ಅದಕ್ಕೇ ಸ್ವಲ್ಪ ತಡ.

"ತೇಲಿ ಹೋಗದ ಸಂಕ ಬೇಕು," ಅಂದಳು ಅಜ್ಜಿ.
"ಕಲ್ಲಿನದಾ?"
"ಅಲ್ಲ."
"ಕಬ್ಬಿಣದ್ದಾ?"
"ಅಲ್ಲ."
"ಮತ್ತೆ ಎಂಥದ್ದು ಅಜ್ಜಿ?"
"ಬೆಳೆಯುವಂಥದ್ದು!"

ಇಬಾ ನಕ್ಕಳು. "ಸಂಕ ಬೆಳೆಯುತ್ತಾ?"
"ನೀನು ಬೆಳೆಯಲ್ವಾ?" ಅಂದಳು ಅಜ್ಜಿ.

\* \* \*

ಹೊಳೆಯ ದಂಡೆಯಲ್ಲಿ ಒಂದು ಮರ.
ಆಲದ ಕುಲದ ದೊಡ್ಡ ಮರ.
ಕೊಂಬೆ ಕೊಂಬೆಗೂ ಇಳಿಬಿದ್ದ ಬೇರು.
ಉದ್ದ ಬೇರು, ಗಿಡ್ಡ ಬೇರು,
ಒಣಕಲು ಬೇರು, ಎಳೇ ಬೇರು.

ಅಜ್ಜಿ ಒಣಕಲು ಬೇರು ಬಿಟ್ಟಳು.
ಅಜ್ಜಿ ಗಿಡ್ಡ ಬೇರು ಬಿಟ್ಟಳು.
ಉದ್ದದ ಒಂದು ಎಳೇ ಬೇರನ್ನು ಬೆರಳಿಗೆ ಸುತ್ತಿ ನೋಡಿದಳು.
ಸುತ್ತಿತು. ಮುರಿಯಲಿಲ್ಲ.
"ಇದು ಬರುತ್ತೆ," ಅಂದಳು.
ಎಷ್ಟು ದಪ್ಪ ಆ ಬೇರು?
ಇಬಾಳ ಕಿರುಬೆರಳಷ್ಟು. ಅಷ್ಟೇ.

\* \* \*

ಮಾಮ ಅಡಿಕೆ ಮರ ಕಡಿದ.
ಉದ್ದಕ್ಕೆ ಸೀಳಿದ.
ಒಳಗಿನ ತಿರುಳು ತೆಗೆದ.
ದೋಣಿಯಂಥ ಹೋಳನ್ನು ಹೊಳೆಯ ಮೇಲೆ ಅಡ್ಡ ಇಟ್ಟ.

ಇಬಾಳ ಕೈ ಚಿಕ್ಕದು. ಚಿಕ್ಕ ಕೈಗೇ ಆ ಕೆಲಸ.
ಬೇರಿನ ತುದಿ ಹಿಡಿದಳು. ತುದಿಯಲ್ಲಿ ಕೆಂಪು ಮೊಗ್ಗಿನಂಥ ಚೂಪು.
"ಅದು ಬೇರಿನ ಮೂಗು, ಉಗುರು ತಾಗಿಸಬೇಡ," ಅಂದಳು ಅಜ್ಜಿ.
ಇಬಾ ಉಗುರು ತಾಗಿಸಲಿಲ್ಲ.
ಹೋಳಿನ ಒಳಗೆ ಬೇರು ಮಲಗಿಸಿದಳು.
ಮೇಲೆ ಒದ್ದೆ ಪಾಚಿ ಹೊದಿಸಿದಳು.
ಆಮೇಲೆ ಬಗ್ಗಿ, ಬೇರಿನ ಕಿವಿ ಎಲ್ಲಿದೆಯೋ ಗೊತ್ತಿಲ್ಲ,
ಸುಮ್ಮನೆ ಎಲ್ಲೋ ಒಂದು ಕಡೆ ಬಾಯಿಟ್ಟು ಹೇಳಿದಳು:

*ಬೇರೇ ಬೇರೇ, ಬಾರೇ ಬಾರೇ,*
*ಈ ದಡ ಬಿಟ್ಟು ಆ ದಡ ಸೇರೇ!*

\* \* \*

ಮರುದಿನ ಬೆಳಿಗ್ಗೆ ಇಬಾ ಓಡಿ ಬಂದಳು.
"ಅಜ್ಜಿ ಅಜ್ಜಿ, ಸಂಕ ಬಂತಾ?"
"ಬರ್ತಾ ಇದೆ ಪುಟ್ಟಿ, ಬರ್ತಾ ಇದೆ."

ಅದರ ಮರುದಿನವೂ ಓಡಿ ಬಂದಳು.
"ಅಜ್ಜಿ ಅಜ್ಜಿ, ಸಂಕ ಬಂತಾ?"
"ಬರ್ತಾ ಇದೆ ಪುಟ್ಟಿ, ಬರ್ತಾ ಇದೆ."

ಅದರ ಮರುದಿನ?
ಅದರ ಮರುದಿನ ಇಬಾಗೆ ಮರೆತೇ ಹೋಯ್ತು. ಆಟ ಇತ್ತು.

\* \* \*

ಮಳೆ ಬಂತು.
ತಟಪಟ ತಟಪಟ ಮಳೆ ಬಂತು.
ಹೊಳೆ ಬಂತು.
ದಡದಡ ದಡದಡ ಹೊಳೆ ಬಂತು.
ಅಡಿಕೆ ಹೋಳು ಏನಾಯ್ತು?
ಕೊಳೆತು ಹೋಯ್ತು!

ಬೇರು ಏನಾಯ್ತು?
ಬೇರು ಅಲ್ಲೇ ಇತ್ತು!
ಇಬಾಳ ಹೆಬ್ಬೆರಳಷ್ಟು ದಪ್ಪ ಆಗಿತ್ತು.
ಮಾಮ ಹೊಸ ಹೋಳು ಇಟ್ಟ.
ಇಬಾ ಮತ್ತೊಂದು ಬೇರು ತಂದಳು, ಮಗದೊಂದು ಬೇರು ತಂದಳು.

*ಬೇರೇ ಬೇರೇ, ಬಾರೇ ಬಾರೇ,*
*ಈ ದಡ ಬಿಟ್ಟು ಆ ದಡ ಸೇರೇ!*

\* \* \*

ಇಬಾಗೆ ಎಂಟು ವರ್ಷ.
ಬೇರು ಆ ದಡ ಮುಟ್ಟಿತು!
ಮುಟ್ಟಿ, ಮಣ್ಣು ಹೊಕ್ಕು, ಒಳಗೊಳಗೇ ಹಿಡಿದುಕೊಂಡಿತು.
ಮಾಮ ಎಳೆದು ನೋಡಿದ.
ಉಹೂಂ, ಬರಲಿಲ್ಲ.
ಇಬಾ ಮಾಮನ ಸೊಂಟ ಹಿಡಿದು ಎಳೆದಳು.
ಉಹೂಂ, ಬರಲಿಲ್ಲ.
ಅಜ್ಜಿ ಎಳೆಯಲಿಲ್ಲ. ಅಜ್ಜಿಗೆ ಗೊತ್ತಿತ್ತು.

\* \* \*

ಇಬಾಗೆ ಹನ್ನೆರಡು ವರ್ಷ.
ಬೇರುಗಳು ಇಬಾಳ ಮುಂಗೈಯಷ್ಟು ದಪ್ಪ.
ಒಂದರ ಮೇಲೊಂದು ಹೆಣೆದ ಬೇರು,
ಒಂದರೊಳಗೊಂದು ಬೆಸೆದ ಬೇರು.

ಮೊದಲು ಇರುವೆ ದಾಟಿತು.
ಸರಸರ ಸರಸರ, ಆ ದಡಕ್ಕೆ!
ಬೇರು ಅಲುಗಲಿಲ್ಲ.

ಆಮೇಲೆ ಅಳಿಲು ದಾಟಿತು.
ಚಂಗನೆ ಚಂಗನೆ, ಆ ದಡಕ್ಕೆ!
ಬೇರು ಕೊಂಚ ಅಲುಗಿತು.

ಆಮೇಲೆ ಕೋಳಿ ಹೊರಟಿತು.
(ಕೋಳಿಯನ್ನು ಯಾರೂ ಕರೆದಿರಲಿಲ್ಲ.)
ಒಂದು ಹೆಜ್ಜೆ, ಕೊಕ್.
ಎರಡು ಹೆಜ್ಜೆ, ಕೊಕ್ ಕೊಕ್.
ಮೂರು ಹೆಜ್ಜೆ, ಕೊಕ್ ಕೊಕ್ ಕೊಕ್.
ನಡುವಿನಲ್ಲಿ ನಿಂತಿತು.
ಕೆಳಗೆ ನೋಡಿತು.
ಕೆಳಗೆ ಹೊಳೆ. ದಡದಡ ದಡದಡ.
ಕೋಳಿ ಮುಂದೆ ಹೋಗಲಿಲ್ಲ.
ಕೋಳಿ ಹಿಂದೆ ಬರಲಿಲ್ಲ.
ಕೊಕ್ಕೊಕ್ಕೊಕ್ಕೋ!
ಸಂಜೆಯವರೆಗೂ ಅಲ್ಲೇ ಕೂತು,
ಅಲ್ಲೇ ಒಂದು ಮೊಟ್ಟೆ ಇಟ್ಟಿತು.

"ಅಜ್ಜಿ, ಈಗ ನಾನು ದಾಟಲಾ? ಸಂಕ ಬಂತಾ?"
"ಕೋಳಿಗಷ್ಟೇ ಬಂದಿದೆ. ನಿನಗೆ ಬರ್ತಾ ಇದೆ ಪುಟ್ಟಿ, ಬರ್ತಾ ಇದೆ."

*ಬೇರೇ ಬೇರೇ, ಬಾರೇ ಬಾರೇ,*
*ಈ ದಡ ಬಿಟ್ಟು ಆ ದಡ ಸೇರೇ!*

\* \* \*

ಮಳೆ ಬಂತು, ಮಳೆ ಹೋಯ್ತು.
ಹೊಳೆ ಬಂತು, ಹೊಳೆ ಇಳಿಯಿತು.
ಊರಿನವರು ಬಂದರು.
ಒಬ್ಬರು ಬೇರು ಹೆಣೆದರು. ಒಬ್ಬರು ಬೇರು ಬಿಗಿದರು.
ಸಂದು ಸಂದಿಗೆ ಕಲ್ಲು ತುಂಬಿ, ಕಲ್ಲಿನ ಮೇಲೆ ಮಣ್ಣು ಮೆತ್ತಿದರು.
ಇಬಾಳ ಲಂಗ ಗಿಡ್ಡವಾಯ್ತು. ಮಾಮನ ತಲೆ ನೆರೆಯಿತು.
ಇಬಾಗೆ ಮದುವೆಯಾಯ್ತು. ಖಾಸಿ ಮನೆಗಳಲ್ಲಿ ಕಿರಿಯ ಮಗಳು ಮನೆ ಬಿಟ್ಟು ಹೋಗುವುದಿಲ್ಲ, ಅಳಿಯನೇ ಮನೆಗೆ ಬರುತ್ತಾನೆ.
ಬಂದ ಅಳಿಯನ ಕೈಗೂ ಅಜ್ಜಿ ಒಂದು ಬೇರು ಕೊಟ್ಟಳು.
"ಹಿಡಿ," ಅಂದಳು.

\* \* \*

ಇಬಾಗೆ ಮೂವತ್ತು ವರ್ಷ.
ಇಬಾಳ ಮಗಳು ಲಾರಿಗೆ ಐದು ವರ್ಷ.
ಬೇರು ಎಷ್ಟು ದಪ್ಪ?
ಮಾಮನ ತೊಡೆಯಷ್ಟು ದಪ್ಪ!

ಇವತ್ತು ಸಂತೆ.
ಇಬಾಳ ಬೆನ್ನಿಗೆ ಬುಟ್ಟಿ, ಬುಟ್ಟಿಯ ಪಟ್ಟಿ ಹಣೆಗೆ.
ಬುಟ್ಟಿಯ ತುಂಬ ಪಲಾವ್ ಎಲೆ.
ಇಬಾಳ ತಮ್ಮನ ಬೆನ್ನಿಗೂ ಬುಟ್ಟಿ.
ಆ ಬುಟ್ಟಿಯಲ್ಲಿ ಏನುಂಟು?
ಅಜ್ಜಿ ಉಂಟು!
ಅಜ್ಜಿಗೆ ಈಗ ಕಾಲು ನೋವು. ಕುರ್ಚಿಯಂಥ ಬುಟ್ಟಿಯಲ್ಲಿ ಕೂತಿದ್ದಾಳೆ, ಬಾಯ್ತುಂಬ ಎಲೆಯಡಿಕೆ.
ಬುಟ್ಟಿಯಲ್ಲಿ ಕೂತವರ ಮುಖ ಹಿಂದಕ್ಕೆ. ಅಜ್ಜಿಗೆ ಬಿಟ್ಟು ಬಂದ ದಡ ಕಾಣುತ್ತೆ, ಹೋಗುವ ದಡ ಕಾಣುವುದಿಲ್ಲ.

ಒಂದು ಹೆಜ್ಜೆ. ಬೇರು ಅಲುಗಲಿಲ್ಲ.
ಎರಡು ಹೆಜ್ಜೆ. ಬೇರು ಅಲುಗಲಿಲ್ಲ.
ಕೆಳಗೆ ಹೊಳೆ. ದಡದಡ ದಡದಡ.

"ಇಬಾ, ಇಬಾ, ಆ ದಡ ಬಂತಾ?"
"ಬರ್ತಾ ಇದೆ ಅಜ್ಜಿ, ಬರ್ತಾ ಇದೆ."

ಹತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ.
"ಇಬಾ, ಇಬಾ, ಆ ದಡ ಬಂತಾ?"
"ಬರ್ತಾ ಇದೆ ಅಜ್ಜಿ, ಬರ್ತಾ ಇದೆ."

ಬಂತು!

\* \* \*

ಅಜ್ಜಿಯನ್ನು ಇಳಿಸಿದರು.
ಅಜ್ಜಿ ಎಲೆಯಡಿಕೆ ಉಗಿದಳು.
ಸಂಕವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.
ಈಗ ಹೊಗಳುತ್ತಾಳೆ ಅಂದುಕೊಂಡರು ಎಲ್ಲರೂ.

"ಎಡಗಡೆ ಕೈಹಿಡಿ ಸಾಲದು," ಅಂದಳು ಅಜ್ಜಿ.
"ಮಕ್ಕಳು ಓಡಾಡುವ ಜಾಗ. ಅಲ್ಲೊಂದು ಎಳೇ ಬೇರು ಇಳಿದಿದೆ ನೋಡಿ, ಅದನ್ನು ಕಟ್ಟಿ."

ಲಾರಿ ಓಡಿದಳು. ಲಾರಿಯ ಕೈ ಚಿಕ್ಕದು.
ಬೇರಿನ ಮೂಗಿಗೆ ಉಗುರು ತಾಗಿಸಲಿಲ್ಲ.
ಏನು ಹೇಳಿದಳು? ನೀವೂ ಹೇಳಿ:

*ಬೇರೇ ಬೇರೇ, ಬಾರೇ ಬಾರೇ,*
*ಈ ದಡ ಬಿಟ್ಟು ಆ ದಡ ಸೇರೇ!*

ಅಜ್ಜಿ ಆಗಲೇ ಸಂತೆಯಲ್ಲಿದ್ದಳು.
"ಏನಪ್ಪಾ, ಈ ಕಿತ್ತಳೆಗೆ ಇಷ್ಟು ರೇಟಾ?"

\* \* \*

ಕೊನೆಯ ಪುಟ: ಸ್ವಲ್ಪ ದೊಡ್ಡ ಮಕ್ಕಳಿಗೆ

ಇಬಾ, ಲಾರಿ, ಕೋಳಿ ಕತೆಯವರು. ಸಂಕ ಮಾತ್ರ ನಿಜ. ಮೇಘಾಲಯದ ಖಾಸಿ ಮತ್ತು ಜೈಂತಿಯಾ ಬೆಟ್ಟಗಳ ಜನ ಇಂಥ ಸಂಕಗಳನ್ನು ಬೆಳೆಸುತ್ತಾ ಬಂದಿದ್ದಾರೆ. ಖಾಸಿ ಭಾಷೆಯಲ್ಲಿ ಇದರ ಹೆಸರು ಜಿಂಗ್‌ಕಿಯೆಂಗ್ ಜ್ರಿ.

ಆ ಮರ ಫೈಕಸ್ ಇಲಾಸ್ಟಿಕಾ, ಆಲ ಮತ್ತು ಅತ್ತಿಗಳ ದಾಯಾದಿ. ಇದನ್ನೂ ರಬ್ಬರ್ ಮರ ಅಂತ ಕರೆಯುವುದುಂಟು, ಆದರೆ ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಹಾಲು ಇಳಿಸುವ ರಬ್ಬರ್ ಮರವೇ ಬೇರೆ. ಮನೆಯ ಕುಂಡದಲ್ಲಿ ಅಗಲ ಎಲೆಯ, ಹೊಳೆಯುವ ರಬ್ಬರ್ ಗಿಡ ಇದ್ದರೆ ಅದು ಇದೇ ಜಾತಿ. ಎಳೆಯ ಎಲೆಯನ್ನು ಮುಚ್ಚಿಕೊಂಡ ಕೆಂಪು ಚೂಪನ್ನು ನೋಡಿರಬಹುದು.

ಇಂಥ ಸಂಕ ಜನರ ಭಾರ ಹೊರುವಷ್ಟು ಗಟ್ಟಿಯಾಗಲು 15ರಿಂದ 30 ವರ್ಷ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಮರ ಚೆನ್ನಾಗಿದ್ದರೆ ನೂರಾರು ವರ್ಷ ಬಾಳುತ್ತದೆ. ಬಿದಿರು, ಮರದ ಹಲಗೆ ಆ ಮಳೆಯಲ್ಲಿ ಬೇಗ ಕೊಳೆಯುತ್ತವೆ. ಜೀವಂತ ಬೇರು ಮಾತ್ರ ವರ್ಷ ಕಳೆದಂತೆ ದಪ್ಪವಾಗುತ್ತದೆ. ಪಕ್ಕ ಪಕ್ಕದ ಬೇರುಗಳು ಒಂದಕ್ಕೊಂದು ಒತ್ತಿ ಬೆಳೆದು ಕೂಡಿಕೊಳ್ಳುತ್ತವೆ.

ಮಳೆ ಎಷ್ಟು ಅಂತೀರಾ? ಇದೇ ಬೆಟ್ಟಗಳಲ್ಲಿರುವ ಚಿರಾಪುಂಜಿಯಲ್ಲಿ (ಅಲ್ಲಿನವರಿಗೆ ಅದು ಸೋಹ್ರಾ) 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ ಸುರಿದದ್ದು 26,461 ಮಿಲಿಮೀಟರ್. ಅಷ್ಟೂ ನೀರು ಹರಿಯದೆ ಒಂದೇ ಕಡೆ ನಿಂತಿದ್ದರೆ ಎಂಟು ಅಂತಸ್ತಿನ ಕಟ್ಟಡ ಮುಳುಗುತ್ತಿತ್ತು.

ನೊಂಗ್ರಿಯಾಟ್ ಎಂಬ ಹಳ್ಳಿಯಲ್ಲಿ ಒಂದರ ಮೇಲೊಂದು ಎರಡು ಬೇರಿನ ಸಂಕಗಳಿವೆ. ರಸ್ತೆ ಅಲ್ಲಿಗೆ ಹೋಗುವುದಿಲ್ಲ. ಟಿರ್ನಾ ಊರಿನಿಂದ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಇಳಿದು ನಡೆಯಬೇಕು, ಬರುವಾಗ ಅಷ್ಟೂ ಹತ್ತಬೇಕು. 2022ರಲ್ಲಿ ಬೇರಿನ ಸಂಕಗಳು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ.