ಪಾಸ್‌ವರ್ಡ್ ಮತ್ತು ಸ್ವಂತ ಫೋನ್, ಲ್ಯಾಪ್‌ಟಾಪ್: ಸುರಕ್ಷತಾ ನೀತಿಯ 4.3ನೇ ಪ್ಯಾರಾ, ಹೊಸದಾಗಿ

ಎಲ್ಲ ಸಿಬ್ಬಂದಿಗೆ,

ನಮ್ಮ ಸೈಬರ್ ಸುರಕ್ಷತಾ ನೀತಿಯ 4.3ನೇ ಪ್ಯಾರಾವನ್ನು ಪೂರ್ತಿ ಬದಲಿಸಿದ್ದೇವೆ. ಹೊಸದು ಮುಂದಿನ ತಿಂಗಳ 1ನೇ ತಾರೀಖಿನಿಂದ ಜಾರಿಗೆ ಬರುತ್ತದೆ. ಹಳೆಯದು ಹೀಗಿತ್ತು:

> ಎಲ್ಲ ಬಳಕೆದಾರರು ಸದೃಢವಾದ ಪಾಸ್‌ವರ್ಡ್‌ಗಳನ್ನು ಬಳಸತಕ್ಕದ್ದು ಹಾಗೂ ಅವುಗಳನ್ನು ನಿಯತಕಾಲಿಕವಾಗಿ ಬದಲಾಯಿಸತಕ್ಕದ್ದು. ವೈಯಕ್ತಿಕ ಸಾಧನಗಳ ಬಳಕೆಯನ್ನು ಸಾಧ್ಯವಾದಷ್ಟು ತಪ್ಪಿಸತಕ್ಕದ್ದು. ಅನಿವಾರ್ಯ ಸಂದರ್ಭಗಳಲ್ಲಿ ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳತಕ್ಕದ್ದು. ಯಾವುದೇ ಉಲ್ಲಂಘನೆಯು ಶಿಸ್ತುಕ್ರಮಕ್ಕೆ ಒಳಪಡುತ್ತದೆ.

ಇದನ್ನು ಎಷ್ಟು ಸಲ ಓದಿದರೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಪಾಸ್‌ವರ್ಡ್ ಎಷ್ಟು ಉದ್ದ ಇರಬೇಕು? ಯಾವಾಗ ಬದಲಿಸಬೇಕು? ಮನೆಯಲ್ಲಿ ಸ್ವಂತ ಫೋನಿನಿಂದ ಆಫೀಸಿನ ಮೇಲ್ ನೋಡಿದರೆ ತಪ್ಪಾ? ಕೊನೆಯ ಸಾಲಂತೂ ಹೆದರಿಸುತ್ತದೆ, ಅಷ್ಟೇ. ಫೋನ್ ಕಳೆದುಕೊಂಡವರು ಶಿಸ್ತುಕ್ರಮಕ್ಕೆ ಅಂಜಿ ಎರಡು ದಿನ ಯಾರಿಗೂ ಹೇಳದೆ ಹುಡುಕುತ್ತಾರೆ. ಕದ್ದವರಿಗೆ ಬೇಕಾಗಿರುವುದು ಆ ಎರಡು ದಿನವೇ.

ಇನ್ನು ಮುಂದೆ 4.3ನೇ ಪ್ಯಾರಾ ಎಂದರೆ ಕೆಳಗಿರುವುದು.

ನೀವು ನೆನಪಿಟ್ಟುಕೊಳ್ಳಬೇಕಾದ ಎರಡೇ ಪಾಸ್‌ವರ್ಡ್

ಒಂದು, ಆಫೀಸಿನ ಲ್ಯಾಪ್‌ಟಾಪ್ ತೆರೆಯುವುದು. ಇನ್ನೊಂದು, ನಾವು ಕೊಟ್ಟಿರುವ ಪಾಸ್‌ವರ್ಡ್ ಮ್ಯಾನೇಜರ್ ತೆರೆಯುವುದು. ಉಳಿದ ಎಲ್ಲವನ್ನೂ ಆ ಮ್ಯಾನೇಜರ್ ನೆನಪಿಟ್ಟುಕೊಳ್ಳುತ್ತದೆ.

ಈ ಎರಡೂ ಕನಿಷ್ಠ 16 ಅಕ್ಷರ ಇರಬೇಕು, ಒಂದಕ್ಕೊಂದು ಬೇರೆಯಾಗಿರಬೇಕು. ಸುಲಭದ ದಾರಿ ಎಂದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಪದಗಳನ್ನು ಜೋಡಿಸುವುದು:

```
kodali mallige buguri megha
```

ಮಧ್ಯೆ ಜಾಗ ಬಿಡಬಹುದು. ದೊಡ್ಡಕ್ಷರ, ಅಂಕಿ, ಚಿಹ್ನೆ ಕಡ್ಡಾಯವಲ್ಲ. ನಿಮ್ಮ ಹೆಸರು, ಮನೆಯವರ ಹೆಸರು, ಹುಟ್ಟಿದ ದಿನ, ಗಾಡಿ ನಂಬರ್, ಸಂಸ್ಥೆಯ ಹೆಸರು ಬೇಡ. ಹಾಡಿನ ಸಾಲು, ಗಾದೆ ಕೂಡ ಬೇಡ, ಅವು ಎಲ್ಲರಿಗೂ ಗೊತ್ತಿರುತ್ತವೆ. ಮೇಲಿನ ಉದಾಹರಣೆಯನ್ನು ಹಾಗೇ ಬಳಸಬೇಡಿ, ಅದನ್ನು ಈಗ ಎಲ್ಲರೂ ಓದಿದ್ದಾರೆ.

ಚಿಹ್ನೆ, ಅಂಕಿ ಯಾಕೆ ಕಡ್ಡಾಯವಲ್ಲ ಅಂತ ಕೇಳಬಹುದು. `Office@2025` ನೋಡಿ. ದೊಡ್ಡಕ್ಷರ ಇದೆ, ಚಿಹ್ನೆ ಇದೆ, ಅಂಕಿ ಇದೆ. ಹಳೆಯ ಲೆಕ್ಕದಲ್ಲಿ ಇದು ಗಟ್ಟಿ ಪಾಸ್‌ವರ್ಡ್. ಆದರೆ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಮ್‌ಗಳು ಮೊದಲು ಹಾಕಿ ನೋಡುವುದೇ ಇಂಥವನ್ನು: ಒಂದು ಸಾಮಾನ್ಯ ಪದ, `@`, ಒಂದು ಇಸವಿ. ಬದಲಿಸಿ ಅಂದಾಗ ನಾವೆಲ್ಲ ಮಾಡುವುದು `Office@2026`. ಹಳೆಯದು ಸಿಕ್ಕವರಿಗೆ ಹೊಸದು ಹುಡುಕುವುದು ಕಷ್ಟವೇ ಅಲ್ಲ. ಅದಕ್ಕೇ ಚಿಹ್ನೆ, ಅಂಕಿ ಕಡ್ಡಾಯ ಮಾಡುವುದು, ಆಗಾಗ ಬದಲಿಸಿ ಅನ್ನುವುದು, ಈ ಎರಡೂ ನಿಯಮಗಳನ್ನು ಕೈಬಿಡಲು ಅಮೆರಿಕದ ಗುಣಮಟ್ಟ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತ್ತು. 2025ರ ಹೊಸ ಆವೃತ್ತಿಯಲ್ಲಿ ‘ಕೈಬಿಡಲೇಬೇಕು’ ಎಂದಿದೆ. ಪಾಸ್‌ವರ್ಡ್ ಒಂದೇ ಕಾವಲಾಗಿರುವ ಕಡೆ ಕನಿಷ್ಠ 15 ಅಕ್ಷರ ಇರಬೇಕು ಎಂದೂ ಅದರಲ್ಲಿದೆ. ನಾವು 16 ಇಟ್ಟುಕೊಂಡಿದ್ದೇವೆ.

ಹಾಗಾಗಿ 90 ದಿನಕ್ಕೊಮ್ಮೆ ‘ಪಾಸ್‌ವರ್ಡ್ ಬದಲಿಸಿ’ ಎಂಬ ಸೂಚನೆ ಇನ್ನು ಬರುವುದಿಲ್ಲ. ಅಂಥ ಮೇಲ್ ಬಂದರೆ ಅದು ಮೋಸದ್ದು.

ಆದರೆ ಕೆಲವು ಸಂದರ್ಭಗಳಲ್ಲಿ ಅದೇ ದಿನ ಬದಲಿಸಲೇಬೇಕು. ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾಗಿದೆ ಅನ್ನಿಸಿದರೆ, ಅನುಮಾನದ ಪೇಜಿನಲ್ಲಿ ಅದನ್ನು ಟೈಪ್ ಮಾಡಿದ್ದರೆ, ಅದೇ ಪಾಸ್‌ವರ್ಡನ್ನು ಬೇರೆ ಯಾವುದಾದರೂ ಖಾತೆಗೂ ಇಟ್ಟಿದ್ದರೆ, ಅಥವಾ ಹೆಲ್ಪ್‌ಡೆಸ್ಕ್‌ಗೆ ನೀವೇ ಕರೆ ಮಾಡಿದಾಗ ಅವರು ಬದಲಿಸಿ ಅಂದರೆ.

ಮರೆತುಹೋಗುವ ಭಯ ಇದ್ದರೆ ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿ ಬೀಗ ಹಾಕಿ ಇಡಿ. ಅದು ತಪ್ಪಲ್ಲ. ಮಾನಿಟರ್‌ಗೆ ಅಂಟಿಸುವುದು, ಕೀಬೋರ್ಡ್ ಕೆಳಗೆ ಇಡುವುದು, ಫೋನಿನ ನೋಟ್ಸ್‌ನಲ್ಲಿ ಬರೆಯುವುದು, ನಿಮಗೆ ನೀವೇ ವಾಟ್ಸ್‌ಆ್ಯಪ್ ಮಾಡಿಕೊಳ್ಳುವುದು ಬೇಡ.

ಉಳಿದ ಪಾಸ್‌ವರ್ಡ್‌ಗಳು

ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್, ಅದನ್ನು ಮ್ಯಾನೇಜರ್‌ನಿಂದಲೇ ಮಾಡಿಸಿ. 20 ಅಕ್ಷರಕ್ಕೆ ಹೊಂದಿಸಿಟ್ಟಿದ್ದೇವೆ. ಪಾಸ್‌ವರ್ಡ್ ಇಲ್ಲದೆ, ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ಪಾಸ್‌ಕೀ ಕೊಡುವ ಕಡೆ ಅದನ್ನೇ ಆರಿಸಿಕೊಳ್ಳಿ.

ಈ ಮ್ಯಾನೇಜರ್‌ನಿಂದ ಇನ್ನೊಂದು ಉಪಯೋಗ ಇದೆ, ಇದನ್ನು ದಯವಿಟ್ಟು ಗಮನಿಸಿ. ಅದು ಪೇಜಿನ ಅಂದ ನೋಡಿ ಪಾಸ್‌ವರ್ಡ್ ತುಂಬುವುದಿಲ್ಲ, ವಿಳಾಸ ನೋಡಿ ತುಂಬುತ್ತದೆ. `m` ಇರಬೇಕಾದ ಜಾಗದಲ್ಲಿ `rn` ಎಂದು ಎರಡು ಅಕ್ಷರ ಇದ್ದರೆ ಅವಸರದಲ್ಲಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮ್ಯಾನೇಜರ್ ಮೋಸ ಹೋಗುವುದಿಲ್ಲ, ಸುಮ್ನೆ ಖಾಲಿ ಬಿಡುತ್ತದೆ. ಆದ್ದರಿಂದ ದಿನಾ ತಾನಾಗಿ ತುಂಬುತ್ತಿದ್ದ ಪೇಜಿನಲ್ಲಿ ಇವತ್ತು ತುಂಬಲಿಲ್ಲ ಅಂದರೆ ಕೈಯಿಂದ ಟೈಪ್ ಮಾಡಬೇಡಿ. ಪೇಜ್ ಮುಚ್ಚಿ, ಹೆಲ್ಪ್‌ಡೆಸ್ಕ್‌ನ 222ಕ್ಕೆ ಕರೆ ಮಾಡಿ.

ಪಾಸ್‌ವರ್ಡ್ ಅಥವಾ ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹೆಲ್ಪ್‌ಡೆಸ್ಕ್ ಕೇಳುವುದಿಲ್ಲ, ನಿಮ್ಮ ಮೇಲಧಿಕಾರಿ ಕೇಳುವ ಹಾಗಿಲ್ಲ, ನಿರ್ದೇಶಕರೂ ಕೇಳುವ ಹಾಗಿಲ್ಲ. ಯಾರೇ ಕೇಳಿದರೂ ‘4.3ರ ಪ್ರಕಾರ ಕೊಡೋ ಹಾಗಿಲ್ಲ’ ಅಂತ ಹೇಳಿಬಿಡಿ. ಹೇಳಿದ್ದಕ್ಕೆ ನಿಮಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ರಜೆಗೆ ಹೋಗುವಾಗ ನಿಮ್ಮ ಮೇಲ್ ಬೇರೆಯವರು ನೋಡಬೇಕಾದರೆ ಹಿಂದಿನ ದಿನವೇ 222ಕ್ಕೆ ಹೇಳಿ. ಪಾಸ್‌ವರ್ಡ್ ಕೊಡದೆಯೇ ಅವರಿಗೆ ಅನುಮತಿ ಹಾಕಿಕೊಡುತ್ತೇವೆ.

ಲಾಗಿನ್‌ನ ಎರಡನೇ ಹಂತ

ಆಫೀಸಿನ ಎಲ್ಲ ಖಾತೆಗಳಿಗೂ ಅಥೆಂಟಿಕೇಟರ್ ಆ್ಯಪ್ ಕಡ್ಡಾಯ. ಲಾಗಿನ್ ಆಗುವಾಗ ಪರದೆಯ ಮೇಲೆ ಎರಡಂಕಿಯ ಸಂಖ್ಯೆ ಬರುತ್ತದೆ, ಅದನ್ನು ಫೋನಿನಲ್ಲಿ ಒತ್ತಬೇಕು.

ನೀವು ಲಾಗಿನ್ ಆಗುತ್ತಲೇ ಇಲ್ಲ, ಆದರೂ ಫೋನಿಗೆ ‘ಅನುಮತಿಸುವಿರಾ’ ಎಂಬ ಕೋರಿಕೆ ಬಂತು ಅಂದುಕೊಳ್ಳಿ. ನಿಮ್ಮ ಪಾಸ್‌ವರ್ಡ್ ಬೇರೆಯವರ ಕೈಯಲ್ಲಿದೆ ಎಂದೇ ತಿಳಿಯಿರಿ. ‘ಇಲ್ಲ’ ಒತ್ತಿ, ತಕ್ಷಣ 222ಕ್ಕೆ ಕರೆ ಮಾಡಿ, ನಾವು ಲೈನಿನಲ್ಲಿ ಇರುವಾಗಲೇ ಪಾಸ್‌ವರ್ಡ್ ಬದಲಿಸಿ. ಕೆಲವೊಮ್ಮೆ ರಾತ್ರಿ ಹೊತ್ತಿನಲ್ಲಿ ಒಂದರ ಮೇಲೊಂದು ಕೋರಿಕೆ ಕಳಿಸುತ್ತಾರೆ, ಸಾಕಾಗಿ ‘ಹೌದು’ ಒತ್ತಲಿ ಅಂತ. ಜೊತೆಗೇ ‘ಹೆಲ್ಪ್‌ಡೆಸ್ಕ್‌ನಿಂದ ಮಾತಾಡ್ತಿದ್ದೀವಿ, ಈ ಸಂಖ್ಯೆ ಒತ್ತಿ’ ಅಂತ ಕರೆಯೂ ಬರಬಹುದು. ನಾವು ಯಾವತ್ತೂ ಹಾಗೆ ಕರೆ ಮಾಡುವುದಿಲ್ಲ. ಫೋನ್ ಇಟ್ಟುಬಿಡಿ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ, ಅಥವಾ ಸ್ವಂತ ಫೋನಿನಲ್ಲಿ ಆಫೀಸಿನ ಆ್ಯಪ್ ಬೇಡ ಅನ್ನುವವರಿಗೆ, ಯುಎಸ್‌ಬಿ ಸೆಕ್ಯುರಿಟಿ ಕೀ ಕೊಡುತ್ತೇವೆ. ಕಾರಣ ಹೇಳಬೇಕಾಗಿಲ್ಲ.

ಸ್ವಂತ ಫೋನ್

ಸ್ವಂತ ಫೋನಿನಲ್ಲಿ ಆಫೀಸಿನ ಮೇಲ್, ಚಾಟ್, ಕ್ಯಾಲೆಂಡರ್ ನೋಡಬಹುದು. ಆದರೆ ಹೆಲ್ಪ್‌ಡೆಸ್ಕ್ ಹಾಕಿಕೊಡುವ ವರ್ಕ್ ಪ್ರೊಫೈಲ್ ಒಳಗೆ ಮಾತ್ರ. ಐಫೋನ್ ಆದರೆ ನಾವು ನೋಂದಾಯಿಸಿಕೊಡುವ ಆಫೀಸಿನ ಆ್ಯಪ್‌ಗಳಲ್ಲಿ ಮಾತ್ರ. ಅದಕ್ಕೆ ಫೋನಿನಲ್ಲಿ ಇಷ್ಟು ಇರಬೇಕು:

- ಕನಿಷ್ಠ 6 ಅಂಕಿಯ ಪಿನ್. ಜೊತೆಗೆ ಬೆರಳಚ್ಚು, ಮುಖ ಗುರುತು ಇಟ್ಟುಕೊಳ್ಳಬಹುದು. `123456` ಬೇಡ, ಹುಟ್ಟಿದ ತಾರೀಖೂ ಬೇಡ.
- ಒಂದು ನಿಮಿಷ ಮುಟ್ಟದಿದ್ದರೆ ತಾನಾಗಿ ಲಾಕ್ ಆಗಬೇಕು.
- ಕಳೆದ 90 ದಿನದೊಳಗಿನ ಸೆಕ್ಯುರಿಟಿ ಅಪ್‌ಡೇಟ್. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು `security update` ಎಂದು ಹುಡುಕಿದರೆ ತಾರೀಖು ಕಾಣುತ್ತದೆ.
- ಫೋನ್ ಕಂಪನಿ ಹಾಕಿದ ಕಟ್ಟುಪಾಡು ಮುರಿದು ರೂಟ್ ಅಥವಾ ಜೈಲ್‌ಬ್ರೇಕ್ ಮಾಡಿರಬಾರದು.

ಫೋನ್ ಹಳೆಯದಾಗಿ ಅಪ್‌ಡೇಟ್ ಬರುವುದೇ ನಿಂತಿದ್ದರೆ ಅದರಲ್ಲಿ ಆಫೀಸಿನ ಕೆಲಸ ಬೇಡ. ಇದಕ್ಕಾಗಿ ಹೊಸ ಫೋನ್ ಕೊಳ್ಳಿ ಅಂತ ಯಾರೂ ಹೇಳುವ ಹಾಗಿಲ್ಲ. ಲ್ಯಾಪ್‌ಟಾಪ್‌ನಲ್ಲೇ ನೋಡಿದರೆ ಸಾಕು.

‘ನನ್ನ ಫೋಟೋ, ಮೆಸೇಜ್ ಎಲ್ಲ ನಿಮಗೆ ಕಾಣುತ್ತಾ?’ ಎಂಬ ಪ್ರಶ್ನೆ ಜಾಸ್ತಿ ಬರುತ್ತದೆ, ಬರಲೇಬೇಕಾದ ಪ್ರಶ್ನೆ. ಕಾಣುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ವರ್ಕ್ ಪ್ರೊಫೈಲ್ ಪ್ರತ್ಯೇಕ ಭಾಗ, ಅದರ ಆ್ಯಪ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸ್ ಗುರುತು ಇರುತ್ತದೆ. ನಮಗೆ ಕಾಣುವುದು ಫೋನಿನ ಮಾಡೆಲ್, ಸಾಫ್ಟ್‌ವೇರ್ ಆವೃತ್ತಿ, ಬ್ರೀಫ್‌ಕೇಸ್ ಗುರುತಿನ ಆ್ಯಪ್‌ಗಳು, ಮತ್ತು ಲಾಕ್ ಇದೆಯೋ ಇಲ್ಲವೋ ಎಂಬುದು. ನಿಮ್ಮ ಫೋಟೋ, ಮೆಸೇಜ್, ಕರೆಗಳು, ನೀವು ನೋಡಿದ ವೆಬ್‌ಸೈಟ್ ಯಾವುದೂ ಕಾಣುವುದಿಲ್ಲ. ಅಳಿಸುವ ಸಂದರ್ಭ ಬಂದರೂ ಆಫೀಸಿನ ಭಾಗ ಮಾತ್ರ ಅಳಿಯುತ್ತದೆ. ಐಫೋನಿಗೂ ಇದೇ ಮಾತು.

ಫೋನ್ ರಿಪೇರಿಗೆ ಕೊಡುವಾಗ, ಮಾರುವಾಗ, ಮನೆಯವರಿಗೆ ಕೊಡುವಾಗ ಮೊದಲು ವರ್ಕ್ ಪ್ರೊಫೈಲ್ ತೆಗೆಯಿರಿ. ಆನ್ ಆಗದ ಸ್ಥಿತಿಯಲ್ಲಿದ್ದರೆ 222ಕ್ಕೆ ಹೇಳಿ, ನಾವು ಇಲ್ಲಿಂದಲೇ ಅಳಿಸುತ್ತೇವೆ.

ಸ್ವಂತ ಲ್ಯಾಪ್‌ಟಾಪ್

ಆಫೀಸಿನ ಲ್ಯಾಪ್‌ಟಾಪ್ ಕೆಟ್ಟಾಗ ಮಾತ್ರ, ಬ್ರೌಸರ್‌ನಲ್ಲಿ ಮೇಲ್ ಮತ್ತು ಕ್ಯಾಲೆಂಡರ್ ಮಾತ್ರ. ಫೈಲ್ ಇಳಿಸಿಕೊಳ್ಳಬೇಡಿ. ಪಾಸ್‌ವರ್ಡ್ ಉಳಿಸಲಾ ಅಂತ ಬ್ರೌಸರ್ ಕೇಳಿದರೆ ‘ಬೇಡ’ ಅನ್ನಿ. ಮುಗಿದ ಮೇಲೆ ಲಾಗ್‌ಔಟ್ ಆಗಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಿರುವ ಲ್ಯಾಪ್‌ಟಾಪ್‌ನಲ್ಲಿ ಇಷ್ಟನ್ನೂ ಮಾಡುವ ಹಾಗಿಲ್ಲ.

ಆಫೀಸಿನ ಲ್ಯಾಪ್‌ಟಾಪ್ ಮನೆಗೆ ಒಯ್ದಾಗ ಬೇರೆ ಯಾರಿಗೂ ಕೊಡಬೇಡಿ, ಮಕ್ಕಳ ಹೋಮ್‌ವರ್ಕ್‌ಗೂ ಬೇಡ. ಎದ್ದು ಹೋಗುವಾಗ ಲಾಕ್ ಮಾಡಿ: ವಿಂಡೋಸ್‌ನಲ್ಲಿ `Windows + L`, ಮ್ಯಾಕ್‌ನಲ್ಲಿ `Control + Command + Q`. ಆಫೀಸಿನ ಕಡತವನ್ನು ಸ್ವಂತ ಮೇಲ್‌ಗೆ ಫಾರ್ವರ್ಡ್ ಮಾಡುವುದು, ಪರದೆಯ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು, ಸ್ವಂತ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದು ಬೇಡ. ಕೆಲಸ ನಿಂತುಹೋಗುತ್ತಿದೆ, ಬೇರೆ ದಾರಿ ಇಲ್ಲ ಅನ್ನಿಸಿದರೆ ಮೊದಲು ನಮ್ಮನ್ನು ಕೇಳಿ. ಹೊರಗಿನವರಿಗೆ ದೊಡ್ಡ ಫೈಲ್ ಕಳಿಸಲು ಸುರಕ್ಷಿತ ಲಿಂಕ್ ವ್ಯವಸ್ಥೆ ಇದೆ, ಐದು ನಿಮಿಷದಲ್ಲಿ ತೋರಿಸಿಕೊಡುತ್ತೇವೆ.

ಕಳೆದುಹೋದರೆ, ಕಳುವಾದರೆ, ತಪ್ಪು ಲಿಂಕ್ ಒತ್ತಿಬಿಟ್ಟರೆ

ಗೊತ್ತಾದ ಒಂದು ಗಂಟೆಯೊಳಗೆ 222ಕ್ಕೆ ಕರೆ ಮಾಡಿ. ಹಗಲು ರಾತ್ರಿ, ರಜೆ ದಿನವೂ ಒಬ್ಬರು ಇರುತ್ತಾರೆ. ಫೋನ್ ಕಳೆದಾಗ ನಂಬರ್‌ಗಳೂ ಅದರ ಜೊತೆಗೇ ಹೋಗಿರುತ್ತವೆ ಅಲ್ವಾ? ಅದಕ್ಕೇ ಹೊರಗಿನಿಂದ ಕರೆ ಮಾಡುವ ನಂಬರನ್ನು ನಿಮ್ಮ ಐಡಿ ಕಾರ್ಡ್‌ನ ಹಿಂಭಾಗದಲ್ಲಿ ಅಚ್ಚು ಹಾಕಿಸಿದ್ದೇವೆ. ಪಕ್ಕದಲ್ಲಿರುವ ಯಾರ ಫೋನಿನಿಂದಾದರೂ ಮಾಡಿ.

ನಿಮ್ಮ ಹೆಸರು, ಏನಾಯಿತು, ಎಷ್ಟು ಹೊತ್ತಿಗೆ, ಇಷ್ಟು ಹೇಳಿದರೆ ಸಾಕು. ಎಲ್ಲ ಕಡೆಯಿಂದ ನಿಮ್ಮ ಖಾತೆಯನ್ನು ಲಾಗ್‌ಔಟ್ ಮಾಡುವುದು, ಆಫೀಸಿನ ಭಾಗ ಅಳಿಸುವುದು ನಮ್ಮ ಕೆಲಸ. ಆಮೇಲೆ ನೀವು ಸಿಮ್ ಬ್ಲಾಕ್ ಮಾಡಿಸಿ. ಫೋನ್ ಎಲ್ಲಿದೆ ಅಂತ ನೋಡಲು ಐಫೋನ್ ಆದರೆ `icloud.com/find`, ಆಂಡ್ರಾಯ್ಡ್ ಆದರೆ `google.com/android/find` ತೆರೆಯಿರಿ.

ಬಂದು ಹೇಳಿದವರ ಮೇಲೆ ಶಿಸ್ತುಕ್ರಮ ಇಲ್ಲ. ತಡವಾಗಿ ಹೇಳಿದರೂ ಇಲ್ಲ, ಎರಡನೇ ಸಲ ಆದರೂ ಇಲ್ಲ. ಶಿಸ್ತುಕ್ರಮ ಇರುವುದು ಮೂರಕ್ಕೆ ಮಾತ್ರ: ಬೇಕಂತಲೇ ಪಾಸ್‌ವರ್ಡ್ ಹಂಚಿಕೊಂಡರೆ, ಬೇರೆಯವರ ಪಾಸ್‌ವರ್ಡ್ ಕೇಳಿದರೆ, ನಾವು ಕೇಳಿದ ಮೇಲೂ ನಡೆದದ್ದನ್ನು ಮುಚ್ಚಿಟ್ಟರೆ.

ಈ ತಿಂಗಳು ಮಾಡಬೇಕಾದ್ದು

25ನೇ ತಾರೀಖಿನೊಳಗೆ ಎರಡು ಮುಖ್ಯ ಪಾಸ್‌ವರ್ಡ್ ಬದಲಿಸಿ, ಅಥೆಂಟಿಕೇಟರ್ ಹಾಕಿಕೊಳ್ಳಿ. ಈಗಾಗಲೇ ಸ್ವಂತ ಫೋನಿನಲ್ಲಿ ಆಫೀಸಿನ ಮೇಲ್ ನೋಡುತ್ತಿದ್ದರೆ ವರ್ಕ್ ಪ್ರೊಫೈಲ್‌ಗೆ, ಐಫೋನ್ ಆದರೆ ನಾವು ನೋಂದಾಯಿಸಿಕೊಡುವ ಆ್ಯಪ್‌ಗಳಿಗೆ ಬದಲಿಸಿಕೊಳ್ಳಿ. 1ನೇ ತಾರೀಖಿನಿಂದ ಇವೆರಡರಲ್ಲಿ ಒಂದೂ ಇಲ್ಲದ ಫೋನಿನಲ್ಲಿ ಮೇಲ್ ತೆರೆಯುವುದಿಲ್ಲ. ಪ್ರತಿ ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ 2ರಿಂದ 5ರವರೆಗೆ ಎರಡನೇ ಮಹಡಿಯ ಸಭಾ ಕೋಣೆಯಲ್ಲಿ ಇರುತ್ತೇವೆ. ಫೋನ್, ಲ್ಯಾಪ್‌ಟಾಪ್ ತನ್ನಿ, ಜೊತೆಯಲ್ಲಿ ಕೂತು ಮಾಡಿಕೊಡುತ್ತೇವೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಮಾತ್ರ ನಾವು ಆ ಕಡೆ ತಿರುಗಿ ನಿಲ್ಲುತ್ತೇವೆ.

ಮಾಹಿತಿ ಸುರಕ್ಷತಾ ತಂಡ