ಆನ್‌ಲೈನ್ ಹಣ ವಂಚನೆಯ ಬಗ್ಗೆ ದೂರು

ದಿನಾಂಕ: 12-03-2025

ಇವರಿಗೆ,
ಪೊಲೀಸ್ ಇನ್ಸ್‌ಪೆಕ್ಟರ್,
ಸೆನ್ ಪೊಲೀಸ್ ಠಾಣೆ, ಮೈಸೂರು.

ಮಾನ್ಯರೇ,

ನಾನು ಕುವೆಂಪುನಗರದ ನಿವಾಸಿ, ಟೈಲರಿಂಗ್ ಮಾಡುತ್ತೇನೆ. ನಿನ್ನೆ, ಮಂಗಳವಾರ, ಸಂಜೆ 7:35ಕ್ಕೆ 4417ರಲ್ಲಿ ಕೊನೆಯಾಗುವ ನಂಬರಿನಿಂದ ಕರೆ ಬಂತು. ಕರೆಂಟ್ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಲೈನ್ ಕಟ್ ಮಾಡುತ್ತೇವೆ ಎಂದರು. ವಾಟ್ಸ್‌ಆ್ಯಪ್‌ನಲ್ಲಿ Bill_Update.apk ಕಳಿಸಿ, ಅದರಲ್ಲಿ 10 ರೂಪಾಯಿ ಕಟ್ಟಿಸಿಕೊಂಡರು. ಆಮೇಲೆ ನಾನು ಯಾರಿಗೂ ಒಟಿಪಿ ಹೇಳಿಲ್ಲ. ಆದರೂ 7:52ಕ್ಕೆ 49,000, 7:54ಕ್ಕೆ ಮತ್ತೆ 49,000 ಐಎಂಪಿಎಸ್ ಮೂಲಕ, 7:59ಕ್ಕೆ 24,500 ಯುಪಿಐ ಮೂಲಕ ಹೋಯಿತು. ಒಟ್ಟು ನಷ್ಟ 1,22,510 ರೂಪಾಯಿ. ಅಮ್ಮನ ಕಣ್ಣಿನ ಆಪರೇಷನ್‌ಗೆ ಕೂಡಿಟ್ಟ ಹಣ ಅದು.

8:15ಕ್ಕೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ, ಬ್ಯಾಂಕಿಗೆ ಹೇಳಿ ಖಾತೆ ಬ್ಲಾಕ್ ಮಾಡಿಸಿದೆ. ರಾತ್ರಿಯೇ cybercrime.gov.in ನಲ್ಲೂ ದೂರು ಕೊಟ್ಟಿದ್ದೇನೆ.

ಫೋನನ್ನು ರೀಸೆಟ್ ಮಾಡಿಲ್ಲ. ಸಿಮ್ ತೆಗೆದು, ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟಿದ್ದೇನೆ. ಆ ಆ್ಯಪ್, ವಾಟ್ಸ್‌ಆ್ಯಪ್ ಚಾಟ್, ಕರೆಗಳ ಪಟ್ಟಿ, ಬ್ಯಾಂಕ್ ಎಸ್‌ಎಂಎಸ್ ಎಲ್ಲವೂ ಇದ್ದ ಹಾಗೇ ಇವೆ. ಪರೀಕ್ಷೆಗೆ ಫೋನ್ ಒಪ್ಪಿಸಲು ಸಿದ್ಧ. ಯುಟಿಆರ್ ನಂಬರುಗಳಿರುವ ಬ್ಯಾಂಕ್ ಸ್ಟೇಟ್‌ಮೆಂಟ್, ಬೇರೆ ಫೋನಿನಲ್ಲಿ ತೆಗೆದ ಫೋಟೋಗಳ ಪ್ರಿಂಟ್, ಪೋರ್ಟಲ್ ದೂರಿನ ಪ್ರತಿ ಲಗತ್ತಿಸಿದ್ದೇನೆ.

ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಹಾರುತ್ತದೆ. ದಯವಿಟ್ಟು ಅದು ಸೇರಿದ ಖಾತೆಗಳನ್ನು ಇವತ್ತೇ ತಡೆಹಿಡಿಸಿ. ಐಟಿ ಕಾಯ್ದೆಯ 66ಡಿ, ಬಿಎನ್‌ಎಸ್ 318(4) ಹಾಗೂ ಅನ್ವಯವಾಗುವ ಇತರ ಕಲಮುಗಳಡಿ ಎಫ್‌ಐಆರ್ ದಾಖಲಿಸಿ, ಪ್ರತಿ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಸುಮಂಗಲಾ